ಆಂಫೊಟೆರಿಸಿನ್ ಕೊರತೆಯ ಸೂಚನೆಯಲ್ಲಿ ಡೋಸ್ ಪರಿವರ್ತನೆ ಕೋಷ್ಟಕ ಹಾಕಬೇಡಿ

ಪ್ರಶ್ನೆ: "ನಮ್ಮಲ್ಲಿ ಲೈಪೋಸೋಮಲ್ ಆಂಫೊಟೆರಿಸಿನ್ ಖಾಲಿಯಾಗುತ್ತಿದೆ. ಡಾಕ್ಟರುಗಳಿಗೆ ಸೂಚನೆ ಬರೆಯಬೇಕು. ಬದಲಿ ಔಷಧ, ಡೋಸ್ ಪರಿವರ್ತನೆ, ಜೊತೆಗೆ ಕೊಡಬಾರದ ಔಷಧ, ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ಹೇಗೆ ತರುವುದು?"

2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ವಿಜಯಪುರದ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೂತು ನಾನು ಇಂಥದ್ದೇ ಕೋಷ್ಟಕ ಮಾಡಿದ್ದೆ. ಎಡಕ್ಕೆ ಲೈಪೋಸೋಮಲ್, ಕೆಜಿಗೆ 5 ಮಿಗ್ರಾಂ. ಬಲಕ್ಕೆ ಸಾದಾ ಆಂಫೊಟೆರಿಸಿನ್, ಕೆಜಿಗೆ 1 ಮಿಗ್ರಾಂ. ಎರಡೂ ಅಂಕಿ ಸರಿಯೇ ಇದ್ದವು. ಆದರೂ ಅನಾಹುತವಾಯಿತು.

ಇಂಡಿ ಕಡೆಯ ರೈತರೊಬ್ಬರು, ತೂಕ 60 ಕೆಜಿ, ಸಕ್ಕರೆ ಕಾಯಿಲೆ ಇತ್ತು. ಅವರ ಕೇಸ್ ಶೀಟಿನಲ್ಲಿ "ಆಂಫೊಟೆರಿಸಿನ್ 300 ಮಿಗ್ರಾಂ" ಎಂದಷ್ಟೇ ಇತ್ತು. ಲೈಪೋಸೋಮಲ್ ಇದ್ದಾಗ ಬರೆದ ಆರ್ಡರ್ ಅದು. ಸ್ಟಾಕ್ ಮುಗಿದ ರಾತ್ರಿ ಅದೇ ಸಾಲು ಮರುದಿನದ ಹಾಳೆಗೆ ನಕಲಾಯಿತು, ಆರು ವಾಯಲ್‌ಗೆ ಇಂಡೆಂಟ್ ಬಂತು, ಕೌಂಟರಿನಲ್ಲಿದ್ದವರು ಸಾದಾ ವಾಯಲ್ ಆರು ಕೊಟ್ಟರು. ಎರಡೂ 50 ಮಿಗ್ರಾಂ ವಾಯಲ್‌ಗಳೇ, ಹಾಗಾಗಿ ಎಣಿಕೆ ತಾಳೆಯಾಯಿತು, ಯಾರಿಗೂ ಅನುಮಾನ ಬರಲಿಲ್ಲ. ಡ್ರಿಪ್ ಮೂರನೇ ಒಂದು ಪಾಲು ಹೋಗಿತ್ತು. ಖಾಲಿ ವಾಯಲ್ ಎತ್ತಿ ನೋಡಿದ ಸಿಸ್ಟರ್ ಒಬ್ಬರು "ಸರ, ಇದರ ಮ್ಯಾಲೆ ಲೈಪೋಸೋಮಲ್ ಅಂತ ಬರದಿಲ್ರೀ" ಎಂದು ಫೋನ್ ಮಾಡಿ, ಡ್ರಿಪ್ ನಿಲ್ಲಿಸಿದರು.

ಅಷ್ಟರಲ್ಲಿ ಸುಮಾರು 100 ಮಿಗ್ರಾಂ ಒಳಗೆ ಹೋಗಿತ್ತು. ಸಾದಾ ಔಷಧಕ್ಕೆ ಮಿತಿ ದಿನಕ್ಕೆ ಕೆಜಿಗೆ 1.5 ಮಿಗ್ರಾಂ, ಅಂದರೆ ಇವರಿಗೆ 90. ಪೂರ್ತಿ 300 ಹೋಗಿದ್ದರೆ ಹೃದಯವೇ ನಿಲ್ಲಬಹುದಿತ್ತು. ಪೊಟ್ಯಾಸಿಯಂ ಇಳಿಯಿತು, ಕ್ರಿಯಾಟಿನಿನ್ ಏರಿತು, ಸೈನಸ್ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಈ ರೋಗದಲ್ಲಿ ಸತ್ತ ಅಂಗಾಂಶ ಕತ್ತರಿಸಿ ತೆಗೆಯುವುದು ತಡವಾದರೆ ಸೋಂಕು ಕಣ್ಣಿನತ್ತ, ಮಿದುಳಿನತ್ತ ಸರಿಯುತ್ತದೆ. ಅವರು ಬದುಕಿದರು, ಒಂದು ಕಣ್ಣು ಉಳಿಯಲಿಲ್ಲ. ಕಣ್ಣು ಹೋದದ್ದು ಆ ತಡದಿಂದಲೇ ಎಂದು ಯಾರೂ ಖಚಿತವಾಗಿ ಹೇಳಲಾರರು, ಆದರೆ ನನ್ನ ಮನಸ್ಸಿನಿಂದ ಅದು ಹೋಗಿಲ್ಲ.

ನನ್ನ ತಪ್ಪು ಎಲ್ಲಿತ್ತೆಂದರೆ, ಎರಡನ್ನೂ ಒಂದೇ ಔಷಧದ ಎರಡು ಅಳತೆಗಳಂತೆ ಅಕ್ಕಪಕ್ಕ ಕೂರಿಸಿದ್ದೆ. ಲೈಪೋಸೋಮಲ್‌ನಲ್ಲಿ ಔಷಧ ಕೊಬ್ಬಿನ ಸಣ್ಣ ಗುಳ್ಳೆಗಳ ಪೊರೆಯಲ್ಲಿ ಸೇರಿರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕಡಿಮೆ, ಆದ್ದರಿಂದಲೇ ಅಷ್ಟು ದೊಡ್ಡ ಡೋಸ್ ಸಾಧ್ಯ. ಐದಕ್ಕೆ ಒಂದು ಸಮ ಎಂಬುದು ಪರಿವರ್ತನೆಯೇ ಅಲ್ಲ. ಸಾದಾ ಔಷಧದಲ್ಲಿ ದೇಹ ತಡೆಯುವುದು ಅಷ್ಟೇ. ಹಾಗಾಗಿ ಪರಿವರ್ತನೆ ಎಂಬ ಮಾತನ್ನೇ ಬಿಡಿ. "ಹಳೆಯ ಆರ್ಡರ್ ರದ್ದು, ತೂಕ ನೋಡಿ ಹೊಸದು ಬರೆಯಿರಿ, ಲೈಪೋಸೋಮಲ್ ಅಥವಾ ಸಾದಾ ಎಂಬ ಪದವಿಲ್ಲದ ಇಂಡೆಂಟಿಗೆ ಔಷಧ ಕೊಡುವುದಿಲ್ಲ" ಎಂದು ಮೊದಲ ಸಾಲಿನಲ್ಲೇ ಹಾಕಿ.

ಅದರ ಕೆಳಗೆ ಒಬ್ಬ ರೋಗಿಯ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಿ. 60 ಕೆಜಿಗೆ ಸಾದಾ ಔಷಧ 60 ಮಿಗ್ರಾಂ: ಒಂದು ವಾಯಲ್ ಪೂರ್ತಿ, ಎರಡನೆಯದರಿಂದ 10 ಮಿಗ್ರಾಂ. ಮಿಲಿಲೀಟರಿಗೆ 0.1 ಮಿಗ್ರಾಂ ಬರುವಂತೆ 600 ಮಿಲಿ 5% ಡೆಕ್ಸ್‌ಟ್ರೋಸ್‌ನಲ್ಲಿ, 4ರಿಂದ 6 ಗಂಟೆ. ಅಷ್ಟರಲ್ಲಿ 30 ಗ್ರಾಂ ಸಕ್ಕರೆ ಹೋಗುತ್ತದೆ, ಇನ್ಸುಲಿನ್ ನೋಡಿಕೊಳ್ಳಬೇಕು. ಮೂತ್ರಪಿಂಡ ಕಾಯಲು ಮೊದಲು ಅರ್ಧ ಲೀಟರ್ ಸಲೈನ್ ಕೊಡುತ್ತಾರೆ. ಆದರೆ ಸಲೈನ್ ತಾಗಿದರೆ ಔಷಧ ಗರಣೆಗಟ್ಟುತ್ತದೆ, ನಡುವೆ ಲೈನನ್ನು ಡೆಕ್ಸ್‌ಟ್ರೋಸ್‌ನಿಂದಲೇ ತೊಳೆಯಬೇಕು.

ಬದಲಿ ಔಷಧಗಳ ಉದ್ದ ಪಟ್ಟಿ ಬೇಡ. ವೊರಿಕೊನಜೋಲ್ ಕೂಡ ಶಿಲೀಂಧ್ರಕ್ಕೇ ಅಲ್ಲವೇ ಎಂದು ಯಾರಾದರೂ ಸೇರಿಸುತ್ತಾರೆ. ಕಪ್ಪು ಶಿಲೀಂಧ್ರ ಎಂದು ಕರೆಯುವ ಮ್ಯೂಕರ್ ಮೇಲೆ ಅದು ಕೆಲಸ ಮಾಡುವುದಿಲ್ಲ. ಸಾದಾ ಔಷಧ ತಡೆಯಲಾಗದವರಿಗೆ ಪೊಸಕೊನಜೋಲ್ ಮಾತ್ರೆ ಇದೆ: ಮೊದಲ ದಿನ 300 ಮಿಗ್ರಾಂ ಎರಡು ಸಲ, ಆಮೇಲೆ ದಿನಕ್ಕೊಮ್ಮೆ. ಇದರ ಸಿರಪ್ಪಿನ ಡೋಸೇ ಬೇರೆ, ಮಾತ್ರೆಯ ಅಂಕಿ ಅಲ್ಲಿಗೆ ನಡೆಯುವುದಿಲ್ಲ.

ಜೊತೆಗೆ ಕೊಡಬಾರದವುಗಳಲ್ಲಿ ನಿಮ್ಮ ವಾರ್ಡಿನಲ್ಲಿ ನಿಜವಾಗಿ ಬರೆಯುವವನ್ನಷ್ಟೇ ಹಾಕಿ. ಸಾದಾ ಆಂಫೊಟೆರಿಸಿನ್ ಜೊತೆ ಅಮಿಕಾಸಿನ್ ಹಾಕಿದರೆ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಪೆಟ್ಟು. ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಕುಸಿದರೆ ಹೃದಯದ ಬಡಿತ ತಪ್ಪುತ್ತದೆ. ಪೊಸಕೊನಜೋಲ್ ಶುರು ಮಾಡುವಾಗ ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ನಿಲ್ಲಿಸಬೇಕು, ಇಲ್ಲವಾದರೆ ಸ್ನಾಯು ಕರಗಬಹುದು. ಸಕ್ಕರೆ ಕಾಯಿಲೆಯವರ ಮನೆಯ ಮಾತ್ರೆಗಳಲ್ಲಿ ಅಟೋರ್ವಾಸ್ಟಾಟಿನ್ ಬಹಳ ಸಾಮಾನ್ಯ, ಕೇಳದೆ ಅವರಾಗಿ ಹೇಳುವುದಿಲ್ಲ.

ಇನ್ನೊಂದು. ಲೈಪೋಸೋಮಲ್ ಸ್ಟಾಕ್ ಮರಳಿ ಬಂದ ದಿನವೇ ಸೂಚನೆಯನ್ನು ಹಿಂತೆಗೆದುಕೊಂಡು, ಪ್ರತಿ ಆರ್ಡರನ್ನೂ ಮತ್ತೆ ಬರೆಸಿ. 60 ಮಿಗ್ರಾಂ ಎಂಬ ಸಾಲು ಹಾಗೇ ಉಳಿದರೆ ಲೈಪೋಸೋಮಲ್ ಐದನೇ ಒಂದು ಪಾಲು ಮಾತ್ರ ಹೋಗುತ್ತದೆ. ಆಗ ಚಳಿ ನಡುಕ ಬರುವುದಿಲ್ಲ, ಕ್ರಿಯಾಟಿನಿನ್ ಏರುವುದಿಲ್ಲ, ಸೋಂಕು ಮಾತ್ರ ಮುಂದುವರಿಯುತ್ತದೆ.