ಮದುವೆ ಫೋಟೋ ಅಡ್ಡ ತೆಗೆಯೋದಾ, ಉದ್ದ ತೆಗೆಯೋದಾ?

"ಮುಂದಿನ ತಿಂಗಳು ಅಕ್ಕನ ಮದುವೆ, ಫೋಟೋ ಕೆಲಸ ನನ್ನ ಮೇಲೆ ಬಿದ್ದಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ, ಜೊತೆಗೆ ಫೋನ್. ಎಲ್ಲರೂ ಮೊದಲು ನೋಡೋದು ಮೊಬೈಲ್‌ನಲ್ಲಿ. ಆದರೆ ಅಪ್ಪನಿಗೆ ಆಲ್ಬಂ ಬೇಕು, ಗೋಡೆಗೆ ಫ್ರೇಮೂ ಬೇಕು. ಅಡ್ಡ ತೆಗೀಲಾ, ಉದ್ದ ತೆಗೀಲಾ?"

ಮುಖ್ಯ ಶಾಸ್ತ್ರಗಳನ್ನೆಲ್ಲ ಅಡ್ಡಕ್ಕೆ ತೆಗೆಯಿರಿ, ಆದರೆ ಬಿಗಿಯಾಗಿ ಬೇಡ, ಸುತ್ತ ಜಾಗ ಬಿಟ್ಟು. ಧಾರೆಯನ್ನೂ ಅಕ್ಕ ಒಬ್ಬರೇ ನಿಂತ ಫೋಟೋಗಳನ್ನೂ ಉದ್ದಕ್ಕೆ ತೆಗೆಯಿರಿ. ಹದಿನೈದು ವರ್ಷದಿಂದ ಮದುವೆ ಫೋಟೋ ತೆಗೆದು, ಆಲ್ಬಂ ಪುಟಗಳನ್ನೂ ನಾನೇ ಜೋಡಿಸಿ ಕೊಡುತ್ತಾ ಬಂದಿದ್ದೇನೆ. ಈ ಲೆಕ್ಕಕ್ಕೆ ಬಂದದ್ದು ಆಲ್ಬಂ ಜೋಡಿಸುವಾಗಲೇ. ಮೊಬೈಲ್‌ನಲ್ಲಿ ಫೋಟೋ ಸ್ವಲ್ಪ ಚಿಕ್ಕದಾಗಿ ಕಂಡರೆ ಬೆರಳಲ್ಲಿ ಹಿಗ್ಗಿಸಿ ನೋಡುತ್ತಾರೆ. ಆಲ್ಬಂನಲ್ಲಿ ಕತ್ತರಿಸಿ ಹೋದ ತಲೆ ಮತ್ತೆ ಬರುವುದಿಲ್ಲ. ಹಾಗಾಗಿ ಆಲ್ಬಂನಿಂದಲೇ ಶುರು ಮಾಡೋಣ.

ನಮ್ಮ ಕಡೆ ಮದುವೆಗೆ ತುಂಬಾ ಓಡುವುದು 12×36 ಇಂಚಿನ ಆಲ್ಬಂ. ಅಂದರೆ ಬಿಡಿಸಿಟ್ಟಾಗ ಅಗಲ 36 ಇಂಚು, ಎತ್ತರ 12. ಒಂದು ಬದಿ ಮಾತ್ರ ನೋಡಿದರೆ 18 ಅಗಲ, 12 ಎತ್ತರ. ನಿಮ್ಮ ಕ್ಯಾಮೆರಾದ ಅಡ್ಡ ಫೋಟೋದ ಆಕಾರವೂ ಇದೇ, 3:2. ಒಂದಿಂಚೂ ಕತ್ತರಿಸದೆ ಒಂದು ಬದಿ ತುಂಬುತ್ತದೆ. ಆದರೆ ಮಾಂಗಲ್ಯಧಾರಣೆಯಂಥ ಫೋಟೋವನ್ನು ಮನೆಯವರು ಎರಡೂ ಬದಿ ತುಂಬ ಹಾಕಿ ಅನ್ನುತ್ತಾರೆ. ಆಗ ಆಕಾರ 3:1. 6000×4000 ಪಿಕ್ಸೆಲ್‌ನ ಅಡ್ಡ ಫೋಟೋದಲ್ಲಿ ಉಳಿಯುವುದು 6000×2000. ಎತ್ತರದಲ್ಲಿ ಸರಿಯಾಗಿ ಅರ್ಧ ಹೋಗುತ್ತದೆ.

ಕೆಲಸ ಶುರು ಮಾಡಿದ ಕಾಲದಲ್ಲಿ ನಾನು ಒಂದು ಮದುವೆಯ ಮಾಂಗಲ್ಯಧಾರಣೆಯನ್ನು ಉದ್ದಕ್ಕೆ ಬಿಗಿಯಾಗಿ ತೆಗೆದಿದ್ದೆ. ಬಾಗಿದ ಮದುಮಗಳ ತಲೆ ಮೇಲಂಚಿಗೆ, ಗಂಟು ಹಾಕುತ್ತಿದ್ದ ಕೈಗಳು ನಡುವೆ. ಫೋನಿನಲ್ಲಿ ನೋಡಲು ಬಹಳ ಚೆನ್ನಾಗಿತ್ತು. ಆಲ್ಬಂನಲ್ಲಿ ಎರಡು ಬದಿಗೆ ಹಾಕಲು ಹೋದಾಗ 4000×1333ರ ಒಂದು ಪಟ್ಟಿ ಮಾತ್ರ ಸಿಕ್ಕಿತು. ಕೈ ಇಟ್ಟುಕೊಂಡರೆ ಮುಖವಿಲ್ಲ, ಮುಖ ಇಟ್ಟುಕೊಂಡರೆ ತಾಳಿಯಿಲ್ಲ. ಅಂಥ ಕ್ಷಣ ಇನ್ನೊಮ್ಮೆ ಸಿಗುವುದಿಲ್ಲವಲ್ಲ, ಆ ಹುಡುಗಿಯ ಅಮ್ಮ ಪುಟ ತಿರುವಿ ಸುಮ್ಮನಾದದ್ದು ಇವತ್ತಿಗೂ ನೆನಪಿದೆ. ಕೊನೆಗೆ ಅದನ್ನು ಒಂದು ಬದಿಯಲ್ಲಿ 12 ಎತ್ತರ, 8 ಅಗಲಕ್ಕೆ ಇಟ್ಟು, ಪಕ್ಕದಲ್ಲಿ 9×6ರ ಎರಡು ಅಡ್ಡ ಫೋಟೋಗಳನ್ನು ಒಂದರ ಮೇಲೊಂದು ಕೂರಿಸಿದೆ. 8 ಮತ್ತು 9 ಸೇರಿ 17, ಉಳಿದ ಒಂದಿಂಚು ಅಂಚಿಗೆ. ಉದ್ದ ಫೋಟೋ ಇದ್ದರೆ ಈ ಜೋಡಣೆ ಅಚ್ಚುಕಟ್ಟಾಗಿ ಕೂರುತ್ತದೆ, ಅದಕ್ಕೇ ನಾಲ್ಕೈದು ಒಳ್ಳೆಯ ಉದ್ದ ಫೋಟೋ ಆಲ್ಬಂಗೂ ಬೇಕು.

ಈಗ ಒಂದೇ ಅಡ್ಡ ಫೋಟೋ ಎಲ್ಲ ಕಡೆ ಹೇಗೆ ಸಾಲುತ್ತದೆ ಅನ್ನುವುದನ್ನು ಅಳತೆ ಹಿಡಿದೇ ಹೇಳುತ್ತೇನೆ. ಮಂಟಪದಲ್ಲಿ ಹುಡುಗ ಹುಡುಗಿ ಭುಜಕ್ಕೆ ಭುಜ ತಾಗಿಸಿ ನಿಂತರೆ ಇಬ್ಬರ ಅಗಲ ಸುಮಾರು ಒಂದು ಮೀಟರ್. ಫೋಟೋದ ಚೌಕಟ್ಟಿನಲ್ಲಿ ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ ಬರುವಷ್ಟು ಹಿಂದೆ ಸರಿಯಿರಿ. ಕ್ಯಾಮೆರಾ ಪರದೆಯಲ್ಲಿ ಮೂರು ಅಂಕಣದ ಗ್ರಿಡ್ ಹಾಕಿಕೊಂಡರೆ ಜೋಡಿ ನಡುವಿನ ಅಂಕಣದಲ್ಲಿ ಕೂರುತ್ತದೆ. ಇದರಿಂದ ಸ್ಟೇಟಸ್‌ಗೆ 9:16 ಕತ್ತರಿಸಿದರೆ ಅಗಲದಲ್ಲಿ ಉಳಿಯುವುದು 37.5%, ಅಂದರೆ ಆ ನಡುವಿನ ಅಂಕಣಕ್ಕಿಂತ ಚೂರು ಜಾಸ್ತಿ. ತಲೆಯಿಂದ ಕಾಲಿನವರೆಗೆ ಇಬ್ಬರೂ ಸಿಕ್ಕರು. ಇನ್‌ಸ್ಟಾಗ್ರಾಮ್‌ಗೆ 4:5 ಕತ್ತರಿಸಿದರೆ 53% ಅಗಲ ಉಳಿದು, ಎರಡೂ ಕಡೆ ಮಂಟಪದ ಬಾಳೆಕಂಬವೂ ಬರಬಹುದು. ಆಲ್ಬಂನ ಎರಡು ಬದಿಗೆ 3:1 ಕತ್ತರಿಸಿದರೆ ಮೂರು ಮೀಟರ್ ಅಗಲ, ಒಂದು ಮೀಟರ್ ಎತ್ತರ: ತಲೆಯಿಂದ ಸೊಂಟದವರೆಗೆ ಜೋಡಿ, ಅಕ್ಕಪಕ್ಕ ಅಕ್ಷತೆ ಹಿಡಿದ ಬಂಧುಗಳು. 36 ಇಂಚಿಗೆ 6000 ಪಿಕ್ಸೆಲ್ ಅಂದರೆ ಇಂಚಿಗೆ ಸುಮಾರು 167. ತೊಡೆಯ ಮೇಲಿಟ್ಟು ನೋಡುವ ಆಲ್ಬಂಗೆ ಇಷ್ಟು ಸಾಕು.

ಒಂದು ತೊಡಕಿದೆ. 36 ಇಂಚಿನ ನಡುವೆ, 18ನೇ ಇಂಚಿಗೆ ಮಡಿಕೆ ಬರುತ್ತದೆ. ಜೋಡಿ ನಟ್ಟನಡುವೆ ಇದ್ದು ಒಬ್ಬರ ತಲೆ ಇನ್ನೊಬ್ಬರ ಕಡೆ ವಾಲಿದ್ದರೆ ಮಡಿಕೆ ಸೀದಾ ಕೆನ್ನೆಯ ಮೇಲೆ ಕೂರುತ್ತದೆ. ಅದಕ್ಕೆ ಮುಖ್ಯ ಕ್ಷಣಕ್ಕೆ ಎರಡು ಕ್ಲಿಕ್ ಮಾಡಿ: ಒಂದರಲ್ಲಿ ಜೋಡಿ ನಡುವಿನ ಅಂಕಣದಲ್ಲಿ, ಇನ್ನೊಂದರಲ್ಲಿ ಬಲಗಡೆಯ ಅಂಕಣದಲ್ಲಿ. ಮೊದಲನೆಯದು ಫೋನಿಗೆ, ಎರಡನೆಯದು ಆಲ್ಬಂಗೆ. ಅಂತರಪಟದ ಫೋಟೋಗೆ ಮಾತ್ರ ಈ ಚಿಂತೆಯಿಲ್ಲ. ನಡುವೆ ಬಟ್ಟೆ, ಆ ಕಡೆ ಹುಡುಗ, ಈ ಕಡೆ ಹುಡುಗಿ. ಮಡಿಕೆ ಬಟ್ಟೆಯ ಮೇಲೇ ಬೀಳುತ್ತದೆ, ಎರಡೂ ಮುಖ ಒಂದೊಂದು ಬದಿಗೆ ಬರುತ್ತವೆ. ಆಲ್ಬಂನಲ್ಲಿ ಇಷ್ಟು ಚೆನ್ನಾಗಿ ಕೂರುವ ಫೋಟೋ ಮದುವೆಯಲ್ಲಿ ಇನ್ನೊಂದಿಲ್ಲ, ಅದನ್ನು ಅಡ್ಡಕ್ಕೇ ತೆಗೆಯಿರಿ. ಜೀರಿಗೆ ಬೆಲ್ಲ ಹಾಕುವಾಗ ಕೈ ಮೇಲೇಳುತ್ತದೆ, ಹಾಗಾಗಿ ತಲೆಯ ಮೇಲೆ ಒಂದು ಮೊಳವಾದರೂ ಜಾಗವಿರಲಿ. ಈ ಫೋಟೋ ಸ್ಟೇಟಸ್‌ನ 9:16ಕ್ಕೆ ಸಾಲುವುದಿಲ್ಲ, ಒಬ್ಬರ ಮುಖ ಹೋಗುತ್ತದೆ. ಸ್ಟೇಟಸ್‌ಗೆ ಮೇಲೆ ಕೆಳಗೆ ಕಪ್ಪು ಪಟ್ಟಿಯೊಂದಿಗೆ ಅಡ್ಡಡ್ಡಲೇ ಹಾಕಿ.

ಧಾರೆಯನ್ನು ಉದ್ದಕ್ಕೆ ತೆಗೆಯಿರಿ ಅಂದೆನಲ್ಲ, ಅಲ್ಲಿ ನಡೆಯುವುದೆಲ್ಲ ಮೇಲಿಂದ ಕೆಳಕ್ಕೆ. ಮೇಲೆ ಅಪ್ಪ ಅಮ್ಮನ ಮುಖ, ಅವರ ಕೈಯಲ್ಲಿ ಚೊಂಬು, ಅಲ್ಲಿಂದ ಇಳಿಯುವ ಹಾಲಿನ ಎಳೆ, ಕೆಳಗೆ ಜೋಡಿಯ ಕೈಯಲ್ಲಿ ತೆಂಗಿನಕಾಯಿ, ಅದರ ಕೆಳಗೆ ತಟ್ಟೆ. ಅಡ್ಡಕ್ಕೆ ಹಿಡಿದರೆ ಮುಖ ಇಲ್ಲವೇ ತಟ್ಟೆ, ಎರಡರಲ್ಲಿ ಒಂದು ತಪ್ಪುತ್ತದೆ. ಎರಡೂ ಬೇಕೆಂದು ಹಿಂದೆ ಸರಿದರೆ ಆ ಎಳೆಯೇ ಕಾಣದಷ್ಟು ಸಣ್ಣದಾಗುತ್ತದೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿದಾಗ ಫ್ಲ್ಯಾಷ್ ಪಕ್ಕಕ್ಕೆ ವಾಲುತ್ತದೆ ಅನ್ನುವುದು ನೆನಪಿರಲಿ. ಹಾಗೇ ಹೊಡೆದರೆ ಹಿಂದಿನ ಪರದೆಯ ಮೇಲೆ ಒಂದು ಬದಿಗೆ ಕಪ್ಪು ನೆರಳು ಬೀಳುತ್ತದೆ. ಬಿಳಿ ಛಾವಣಿ ಇದ್ದರೆ ಫ್ಲ್ಯಾಷ್‌ನ ತಲೆಯನ್ನು ಛಾವಣಿಯ ಕಡೆ ತಿರುಗಿಸಿಕೊಳ್ಳಿ.

ಇನ್ನು ಗ್ರೂಪ್ ಫೋಟೋ. ಮೊಬೈಲ್‌ನಲ್ಲಿ ದೊಡ್ಡದಾಗಿ ಕಾಣಲಿ ಅಂತ ಇದನ್ನು ಉದ್ದಕ್ಕೆ ತೆಗೆಯುವವರು ಬಹಳ ಜನ. ಅದರಿಂದ ಮುಖ ಒಂದು ಕೂದಲೆಳೆಯಷ್ಟೂ ದೊಡ್ಡದಾಗುವುದಿಲ್ಲ. ಸಾಮಾನ್ಯ ಫೋನಿನ ಪರದೆಯ ಅಗಲ ಏಳು ಸೆಂಟಿಮೀಟರ್‌ಗೆ ಸ್ವಲ್ಪ ಕಮ್ಮಿ. ಹನ್ನೆರಡು ಜನ ಒಂದೇ ಸಾಲಿನಲ್ಲಿ ನಿಂತರೆ ಒಬ್ಬೊಬ್ಬರಿಗೆ ಆರು ಮಿಲಿಮೀಟರ್‌ಗೂ ಕಮ್ಮಿ ಸಿಗುತ್ತದೆ, ಮುಖ ಎಳ್ಳಿನಷ್ಟು. ಫೋನ್ ನಿಲ್ಲಿಸಿ ಹಿಡಿದು ನೋಡುವಾಗ ಸಾಲಿನ ಅಗಲ ಪರದೆಯ ಅಗಲಕ್ಕೇ ಕಟ್ಟುಬಿದ್ದಿರುತ್ತದೆ, ಫೋಟೋ ಅಡ್ಡವಿದ್ದರೂ ಅಷ್ಟೇ, ಉದ್ದವಿದ್ದರೂ ಅಷ್ಟೇ. ಉದ್ದ ಫೋಟೋದಲ್ಲಿ ಹೆಚ್ಚಿಗೆ ಸಿಗುವುದು ಛಾವಣಿಯ ಫ್ಯಾನು ಮತ್ತು ನೆಲದ ಕಾರ್ಪೆಟ್ಟು. ಬದಲಾಯಿಸಬೇಕಾದದ್ದು ಜನ ನಿಲ್ಲುವ ರೀತಿ. ಅದೇ ಹನ್ನೆರಡು ಜನರನ್ನು ನಾಲ್ಕು ನಾಲ್ಕರಂತೆ ಮೂರು ಸಾಲು ಮಾಡಿ: ಮಕ್ಕಳು ಮೆಟ್ಟಿಲ ಮೇಲೆ, ಹಿರಿಯರು ಕುರ್ಚಿಯಲ್ಲಿ, ಉಳಿದವರು ಹಿಂದೆ. ಆಗ ಒಬ್ಬೊಬ್ಬರಿಗೆ ಹದಿನೇಳು ಮಿಲಿಮೀಟರ್, ಮುಖ ಕಡಲೆಬೇಳೆಯಷ್ಟಾಗುತ್ತದೆ. ಈಗ ಉದ್ದ ಫೋಟೋಗೂ ಅರ್ಥ ಬರುತ್ತದೆ. ಮೂರು ಸಾಲೂ ಚೂಪಾಗಿ ಬರಬೇಕಾದರೆ ಅಪರ್ಚರ್ f/8 ಹತ್ತಿರ ಇರಲಿ, ಫೋಕಸ್ ಕುರ್ಚಿಯ ಸಾಲಿನ ಮೇಲಿರಲಿ. ಮೂವತ್ತು ಜನರ ಬಂಧುಬಳಗ ಸೇರಿದಾಗ ಮಾತ್ರ ಫೋನಿನ ಆಸೆ ಬಿಟ್ಟು ಅಡ್ಡಕ್ಕೇ ತೆಗೆಯಿರಿ, ಅದು ಆಲ್ಬಂನಲ್ಲಿ ನೋಡುವ ಫೋಟೋ.

ಇನ್‌ಸ್ಟಾಗ್ರಾಮ್ ಮೊದಲು ಚೌಕ ಫೋಟೋ ಮಾತ್ರ ತೆಗೆದುಕೊಳ್ಳುತ್ತಿತ್ತು, 2015ರಲ್ಲಿ ಅಡ್ಡ, ಉದ್ದ ಎರಡಕ್ಕೂ ಅವಕಾಶ ಕೊಟ್ಟಿತು. ಅಲ್ಲಿಂದ ಬಹಳ ಕಾಲ ಉದ್ದದ ಮಿತಿ 4:5 ಇತ್ತು, 2025ರಿಂದ 3:4 ಕೂಡ ಹಾಕಬಹುದು. 1080 ಪಿಕ್ಸೆಲ್ ಅಗಲದಲ್ಲಿ 3:2ರ ಅಡ್ಡ ಫೋಟೋಗೆ 720 ಎತ್ತರ ಸಿಕ್ಕರೆ, 4:5ಕ್ಕೆ 1350 ಸಿಗುತ್ತದೆ. ಹತ್ತಿರಹತ್ತಿರ ಎರಡರಷ್ಟು ಜಾಗ. ಅಕ್ಕನ ಒಂಟಿ ಫೋಟೋ ಉದ್ದಕ್ಕೆ ತೆಗೆಯಲು ಹೇಳಿದ್ದು ಇದಕ್ಕೆ. ಆದರೆ ಕ್ಯಾಮೆರಾದ ಉದ್ದ ಫೋಟೋ 2:3, ಅದು 4:5ಕ್ಕಿಂತ ನೀಳ. ಹಾಕುವಾಗ ಎತ್ತರದಲ್ಲಿ ಆರನೇ ಒಂದು ಭಾಗ ಹೋಗುತ್ತದೆ. ಮೊಗ್ಗಿನ ಜಡೆಯ ತುದಿಯೂ ಸೀರೆಯ ಅಂಚೂ ಬೇಕಿದ್ದರೆ ಮೇಲೆ ಕೆಳಗೆ ಮೊದಲೇ ಜಾಗ ಬಿಟ್ಟಿರಬೇಕು. ಇದರಲ್ಲಿ ಒಂದು ಅನುಕೂಲವಿದೆ: ಗೋಡೆಗೆ ಹಾಕುವ 8×10 ಮತ್ತು 16×20 ಫ್ರೇಮುಗಳ ಆಕಾರವೂ ಸರಿಯಾಗಿ 4:5. ಇನ್‌ಸ್ಟಾಗ್ರಾಮ್‌ಗೆ ಚೆನ್ನಾಗಿ ಕೂತ ಕಟ್ ಅಪ್ಪನ ಗೋಡೆಗೂ ಹಾಗೇ ಹೊಂದುತ್ತದೆ. 12×18 ಫ್ರೇಮ್ ಮಾಡಿಸುವುದಾದರೆ ಕತ್ತರಿಸುವುದೇ ಬೇಡ.

ಫೋನಿನಲ್ಲಿ ತೆಗೆಯುವಾಗ ಕ್ಯಾಮೆರಾ ಸೆಟ್ಟಿಂಗ್ 4:3ರಲ್ಲೇ ಇರಲಿ. 16:9 ಅಥವಾ ಪೂರ್ತಿ ಪರದೆ ಇಟ್ಟರೆ ಫೋಟೋ ದೊಡ್ಡದಾದಂತೆ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಫೋನು ಸೆನ್ಸರ್‌ನ ಅಂಚನ್ನು ಬಿಟ್ಟುಬಿಟ್ಟಿರುತ್ತದೆ. 4:3ರ ಫೋಟೋವನ್ನು 4×6 ಪ್ರಿಂಟ್ ಹಾಕಿಸಿದಾಗ ಮೇಲೆ ಕೆಳಗೆ ಸೇರಿ ಒಂಬತ್ತನೇ ಒಂದು ಭಾಗ ಹೋಗುತ್ತದೆ. ಲ್ಯಾಬ್‌ನಿಂದ ಬಂದ ಗ್ರೂಪ್ ಫೋಟೋಗಳಲ್ಲಿ ಹಿಂದಿನ ಸಾಲಿನ ಎತ್ತರದವರ ನೆತ್ತಿ ಕತ್ತರಿಸಿರುವುದು ಹೆಚ್ಚಾಗಿ ಇದರಿಂದಲೇ.

ಮದುವೆಗೆ ಮೊದಲೇ ಆಲ್ಬಂ ಮಾಡುವವರ ಹತ್ತಿರ ಹಾಳೆಯ ಅಳತೆ ಕೇಳಿಕೊಳ್ಳಿ. 12×30 ಅಂದರೆ ಒಂದು ಬದಿ 12×15 ಆಗುತ್ತದೆ, ಅಡ್ಡ ಫೋಟೋ ಅಗಲದಲ್ಲಿ ಆರನೇ ಒಂದು ಭಾಗ ಕಳೆದುಕೊಳ್ಳುತ್ತದೆ, ಮೇಲಿನ ಲೆಕ್ಕ ಅಷ್ಟರಮಟ್ಟಿಗೆ ಬದಲಾಗುತ್ತದೆ. ಸ್ಟೇಟಸ್‌ಗೆ, ಇನ್‌ಸ್ಟಾಗ್ರಾಮ್‌ಗೆ ಕತ್ತರಿಸಿದ ಪ್ರತಿಗಳನ್ನು ಬೇರೆ ಫೋಲ್ಡರ್‌ನಲ್ಲಿಟ್ಟುಕೊಳ್ಳಿ. ಆಲ್ಬಂಗೆ ಕತ್ತರಿಸದ ಮೂಲ ಫೈಲುಗಳನ್ನೇ ಪೆನ್‌ಡ್ರೈವ್‌ನಲ್ಲಿ ಕೊಡಿ.