ಮಸುಕಾದ ಬಿಲ್ಲಿಗೆ ಮೇಲ್ ಬರೆಯುವುದು: ಯಾವ ಅಕ್ಷರ ಕಾಣಿಸಲಿಲ್ಲ ಅಂತ ಹೇಳಿ

ಪ್ರಶ್ನೆ: ಲೆಕ್ಕಪತ್ರದ ಆಫೀಸಿಗೆ ಹೊಸದಾಗಿ ಸೇರಿದ್ದೇನೆ. ಪಾರ್ಟಿಯವರು ಅಪ್‌ಲೋಡ್ ಮಾಡಿದ ಬಿಲ್ಲಿನ ಫೋಟೋ ಮಸುಕಾಗಿದ್ದರೆ "ಬಿಲ್ ಕ್ಲಿಯರ್ ಇಲ್ಲ, ಮತ್ತೆ ಕಳಿಸಿ" ಅಂತ ಮೇಲ್ ಹಾಕ್ತೇನೆ. ಅವರು ಮತ್ತೆ ಅಂಥದ್ದೇ ಫೋಟೋ ಕಳಿಸ್ತಾರೆ. ಮೇಲ್‌ನಲ್ಲಿ ಏನು ಬರೆಯಬೇಕು?

ಉತ್ತರ: ನಾನು ಕಾಸರಗೋಡಿನಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಇಲ್ಲಿನ ಅಂಗಡಿಯವರು ಮಂಗಳೂರಿನಿಂದಲೂ ಮಾಲು ತರುತ್ತಾರೆ, ಕೇರಳದ ಒಳಗಿನಿಂದಲೂ ತರುತ್ತಾರೆ. ಹಾಗಾಗಿ ಬಿಲ್ಲಿನ ಒಂದೇ ಒಂದು ಸಾಲು ಮಸುಕಾದರೂ ನಮಗೆ ಜಾಸ್ತಿ ತೊಂದರೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

"ಕ್ಲಿಯರ್ ಇಲ್ಲ" ಅಂದರೆ ಅಂಗಡಿಯವರಿಗೆ ಅರ್ಥವಾಗುವುದಿಲ್ಲ. ಅವರ ಕಣ್ಣಿಗೆ ಅಂಗಡಿ ಹೆಸರು ಕಾಣುತ್ತದೆ, ಕೆಳಗೆ ಮೊತ್ತ ಕಾಣುತ್ತದೆ. ಅಷ್ಟು ಕಂಡರೆ ಸಾಕಲ್ವಾ ಅಂತ ಅವರು ಅಂದುಕೊಳ್ಳುವುದು ಸಹಜ. ಮೇಲ್‌ನಲ್ಲಿ ಮೂರು ಸಂಗತಿ ಇರಬೇಕು. ಇದು ಯಾವ ಬಿಲ್, ಅದರಲ್ಲಿ ಯಾವ ಜಾಗ, ನನಗೆ ಎಲ್ಲಿಯವರೆಗೆ ಓದಲು ಬಂತು. ಮೂರನೆಯದನ್ನು ಯಾರೂ ಬರೆಯುವುದಿಲ್ಲ. ಕೆಲಸ ಆಗುವುದು ಅದರಿಂದಲೇ.

ಬಿಲ್ ಯಾವುದು ಅಂತ ಹೇಳುವಾಗ ಫೈಲಿನ ಹೆಸರು ಬರೆಯಬೇಡಿ. `IMG_2231.jpg` ಅಂದರೆ ಅವರಿಗೆ ಏನೂ ನೆನಪಾಗುವುದಿಲ್ಲ. "ಮಂಗಳೂರಿನ ಪೈಪಿನ ಬಿಲ್, ಒಟ್ಟು 23,600" ಅನ್ನಿ. ಕಟ್ಟಿನಿಂದ ತಕ್ಷಣ ಎಳೆದು ತೆಗೆಯುತ್ತಾರೆ.

ಆದರೆ ಮೇಲ್ ಬರೆಯುವ ಮೊದಲು, ಅವರನ್ನು ಕೇಳದೆ ಬಿಡಿಸಿಕೊಳ್ಳಬಹುದಾದದ್ದನ್ನು ನೀವೇ ಬಿಡಿಸಿಕೊಳ್ಳಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್: ಕೇರಳಕ್ಕೆ 32, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್ ನಂಬರ್. ಅದರಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ಹದಿನಾಲ್ಕನೆಯದು ಸಾಮಾನ್ಯವಾಗಿ Z. ಕೊನೆಯದು ತಾಳೆ ನೋಡುವ ಅಕ್ಷರ. ಇಷ್ಟು ಗೊತ್ತಿದ್ದರೆ B ಯೋ 8 ಓ, O ವೋ 0 ಯೋ ಅನ್ನುವ ಗೊಂದಲ ಬಹುಪಾಲು ಜಾಗದಿಂದಲೇ ತೀರುತ್ತದೆ. ಪ್ಯಾನ್ ಭಾಗದ ಎರಡನೇ ಸ್ಥಾನದಲ್ಲಿ 8 ಇರಲು ಸಾಧ್ಯವೇ ಇಲ್ಲ, ಅದು B.

ಒಂದೇ ಒಂದು ಅಕ್ಷರ ಪೂರ್ತಿ ಮಾಯವಾಗಿದ್ದರೆ ಜಿಎಸ್‌ಟಿ ಪೋರ್ಟಲಿನ `Search Taxpayer` ನಲ್ಲಿ ಹಾಕಿ ನೋಡಿ. ತಾಳೆ ಅಕ್ಷರ ಇರುವುದರಿಂದ ತಪ್ಪು ನಂಬರನ್ನು ಅದು ಒಪ್ಪುವುದಿಲ್ಲ. ಬಿಲ್ಲಿನ ತಲೆಯಲ್ಲಿ ಇರುವ ಹೆಸರೇ ಬಂದರೆ ಆಯಿತು, ಪಾರ್ಟಿಯವರಿಗೆ ತೊಂದರೆ ಕೊಡುವುದು ಬೇಡ. ಎರಡು ಅಕ್ಷರ ಹೋಗಿದ್ದರೆ ಊಹೆ ಬೇಡ. ತಾಳೆಯಾಗುವ ನಂಬರುಗಳು ಒಂದಕ್ಕಿಂತ ಜಾಸ್ತಿ ಹುಟ್ಟುತ್ತವೆ. ಆಗ ಕೇಳಲೇಬೇಕು.

ಈಗ ಆ ಪೈಪಿನ ಬಿಲ್ಲಿಗೆ ಬರೋಣ. ಬದಿಯಡ್ಕ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿ ಅಂತಿಟ್ಟುಕೊಳ್ಳಿ. ಮಂಗಳೂರಿನಿಂದ ಪಿವಿಸಿ ಪೈಪ್ ತಂದಿದ್ದಾರೆ. ಫೋಟೋದಲ್ಲಿ ಒಟ್ಟು 23,600 ಸ್ಪಷ್ಟ ಇದೆ. ತೆರಿಗೆಯ ಸಾಲಿನ ಮೇಲೆ ಕೈಯ ನೆರಳು ಬಿದ್ದಿದೆ. ಪೈಪಿಗೆ 18 ಶೇಕಡಾ, ಹಾಗಾದರೆ ಮಾಲಿನ ಬೆಲೆ 20,000, ತೆರಿಗೆ 3,600. ಹಿಂದಕ್ಕೆ ಲೆಕ್ಕ ಹಾಕಿ ತುಂಬಿಸಿದರೆ ಮುಗಿಯಿತು ಅಂತ ಹೊಸಬರಿಗೆ ಅನಿಸುತ್ತದೆ. ಮುಗಿಯುವುದಿಲ್ಲ. ಆ 3,600 ಪೂರ್ತಿ ಐಜಿಎಸ್‌ಟಿ, ಅಂದರೆ ರಾಜ್ಯ ದಾಟುವ ಮಾರಾಟದ ತೆರಿಗೆ ಆಗಿರಬಹುದು. ಅಥವಾ ಒಂದೇ ರಾಜ್ಯದ ಒಳಗಿನ ಮಾರಾಟಕ್ಕೆ ಹಾಕುವ 1,800 ಸಿಜಿಎಸ್‌ಟಿ, 1,800 ಎಸ್‌ಜಿಎಸ್‌ಟಿ ಆಗಿರಬಹುದು. ಎರಡಕ್ಕೂ ಒಟ್ಟು ಒಂದೇ. ಆದರೆ ಕೇರಳದಲ್ಲಿ ನೋಂದಣಿ ಇರುವ ಅಂಗಡಿಗೆ ಕರ್ನಾಟಕದವರು ಐಜಿಎಸ್‌ಟಿ ಹಾಕಿದ್ದರೆ ಕ್ರೆಡಿಟ್ ಸಿಗುತ್ತದೆ, ಅಂದರೆ ಅಂಗಡಿಯವರು ತಾವು ಕಟ್ಟಬೇಕಾದ ತೆರಿಗೆಯಿಂದ ಅದನ್ನು ಕಳೆದುಕೊಳ್ಳಬಹುದು. ಕೌಂಟರಿನಲ್ಲಿ ಕೊಟ್ಟ ಮಾಲು ಅಂತ ಕರ್ನಾಟಕದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ್ದರೆ ಆ 3,600 ಇಲ್ಲಿಗೆ ಬರುವುದಿಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ ಕೊಂಡವರಿಗೆ ಸಿಗುವ ಕ್ರೆಡಿಟ್ ಪಟ್ಟಿಯಾದ 2ಬಿ ಯಲ್ಲೂ ಅದು ಸಿಗದ ಕ್ರೆಡಿಟ್ ಅಂತಲೇ ತೋರಿಸುತ್ತದೆ. ಗಡಿಯಲ್ಲಿ ಕೂತು ಲೆಕ್ಕ ಬರೆಯುವವರು ಈ ಒಂದು ಸಾಲನ್ನು ಎಂದೂ ಅಂದಾಜಿನಿಂದ ತುಂಬಿಸಬಾರದು.

ಹಾಗಾದರೆ 2ಬಿ ನೋಡಿಯೇ ತುಂಬಿಸಬಹುದಲ್ಲ ಅಂತ ಕೇಳಬಹುದು. 2ಬಿ ಪ್ರತಿ ತಿಂಗಳು 14ಕ್ಕೆ ತಯಾರಾಗುತ್ತದೆ ನಿಜ. ಆದರೆ ಅದರಲ್ಲಿರುವುದು ಮಾರಿದವರು ಫೈಲ್ ಮಾಡಿದ್ದು. ನಾವು ಬಿಲ್ ಓದುವುದೇ ಅವರು ಸರಿಯಾಗಿ ಫೈಲ್ ಮಾಡಿದ್ದಾರಾ ಅಂತ ನೋಡಲು. ಬಿಲ್ಲಿನಲ್ಲಿ ಐಜಿಎಸ್‌ಟಿ ಬರೆದು, ಫೈಲ್ ಮಾಡುವಾಗ ಇನ್ನೊಂದು ಹಾಕಿದ್ದರೆ ನಮ್ಮ ಅಂಗಡಿಯವರಿಗೆ ದುಡ್ಡು ಹೋಗುತ್ತದೆ. ಬಿಲ್ ಓದದೆ 2ಬಿ ಯಿಂದ ನಕಲು ಮಾಡಿದರೆ ಅದು ಯಾರಿಗೂ ಗೊತ್ತೇ ಆಗುವುದಿಲ್ಲ. ಮಾಲು ಏನು ಅನ್ನುವ ವಿವರವೂ ಅದರಲ್ಲಿ ಸಿಗುವುದಿಲ್ಲ.

ಇನ್ನು, ಫೋಟೋ ಯಾಕೆ ಕೆಟ್ಟಿತು ಅಂತ ನೋಡಿ. ಅದು ಗೊತ್ತಾಗದೆ "ಮತ್ತೆ ತೆಗೆಯಿರಿ" ಅಂದರೆ ಹಾಗೇ ಕೆಟ್ಟದ್ದೇ ಬರುತ್ತದೆ. ಫೋಟೋವನ್ನು ದೊಡ್ಡದು ಮಾಡಿ ನೋಡಿ. ಎಲ್ಲ ಅಕ್ಷರಗಳೂ ಒಂದೇ ದಿಕ್ಕಿಗೆ ಎರಡೆರಡಾಗಿ ಕಂಡರೆ ಕೈ ಅಲುಗಿದೆ. ಮೇಜಿನ ಮರದ ಗೆರೆ ಸ್ಪಷ್ಟ, ಬಿಲ್ ಮಾತ್ರ ಮಂಕು ಅಂದರೆ ಫೋಕಸ್ ಮೇಜಿನ ಮೇಲೆ ಕೂತಿದೆ. ಅಕ್ಷರದ ಅಂಚಿನಲ್ಲಿ ಸಣ್ಣ ಸಣ್ಣ ಚೌಕ ಕಂಡರೆ ಫೋಟೋ ವಾಟ್ಸಾಪಿನಲ್ಲಿ ಓಡಾಡಿ ಸಣ್ಣದಾಗಿದೆ. ಅಂಥದ್ದಕ್ಕೆ ಮತ್ತೆ ತೆಗೆಯುವುದೂ ಬೇಡ, ಮೂಲ ಫೋಟೋ ಅವರ ಫೋನಿನಲ್ಲೇ ಇರುತ್ತದೆ. ಅದನ್ನು ನೇರವಾಗಿ ಅಪ್‌ಲೋಡ್ ಮಾಡಿ ಅಂದರೆ ಸಾಕು.

ನೆರಳೂ ಮಡಿಕೆಯೂ ಇಲ್ಲದೆ, ಸುತ್ತಲಿನ ಅಕ್ಷರ ಚೆನ್ನಾಗಿದ್ದು ಒಂದು ಜಾಗ ಮಾತ್ರ ಹೋಗಿದ್ದರೆ ತಪ್ಪು ಫೋಟೋದ್ದಲ್ಲ, ಕಾಗದದ್ದು. ಮೊತ್ತದ ಮೇಲೆ ನೇರಳೆ ಸೀಲು ಹೊಡೆದಿರುತ್ತಾರೆ. ಇಲ್ಲವೇ ಥರ್ಮಲ್ ಕಾಗದದ ಬಿಲ್ಲು ಬಿಸಿಲಿಗೋ ಸೆಕೆಗೋ ಮಾಸಿರುತ್ತದೆ. ಇಂಥ ಬಿಲ್ಲನ್ನು ಎಷ್ಟು ಸಲ ತೆಗೆದರೂ ಅಷ್ಟೇ. ಪಾಪ, ಅಂಗಡಿಯವರು ವ್ಯಾಪಾರದ ಹೊತ್ತಿನಲ್ಲಿ ಸುಮ್ನೆ ಕಷ್ಟಪಡುತ್ತಾರೆ. ಮಾರಿದವರಿಂದ ಇನ್ನೊಂದು ಪ್ರಿಂಟ್ ಅಥವಾ ಪಿಡಿಎಫ್ ತರಿಸಿ ಅಂತ ಮೊದಲೇ ಹೇಳಿಬಿಡಿ.

ಇಷ್ಟು ನೋಡಿಕೊಂಡ ಮೇಲೆ ನಾನಾದರೆ ಹೀಗೆ ಬರೆಯುತ್ತೇನೆ:

> ವಿಷಯ: ಮೂರು ಬಿಲ್ಲಿನಲ್ಲಿ ಓದಲಾಗದ ಜಾಗ, 17ನೇ ತಾರೀಕಿನ ಒಳಗೆ ಬೇಕು
>
> ಅಣ್ಣ, ನಮಸ್ಕಾರ. ನೀವು ಹಾಕಿದ ಬಿಲ್ಲುಗಳಲ್ಲಿ ಈ ಮೂರು ಬಿಟ್ಟು ಉಳಿದದ್ದೆಲ್ಲ ಸರಿ ಇದೆ. ಅವನ್ನು ಮತ್ತೆ ಕಳಿಸುವುದು ಬೇಡ.
>
> ಮಂಗಳೂರಿನ ಪೈಪಿನ ಬಿಲ್, ಒಟ್ಟು 23,600. ಕೆಳಗೆ ಬಲಬದಿಯಲ್ಲಿ, ಒಟ್ಟು ಮೊತ್ತದ ಮೇಲಿನ ತೆರಿಗೆ ಸಾಲಿಗೆ ಕೈಯ ನೆರಳು ಬಿದ್ದಿದೆ. IGST ಅಂತ ಒಂದು ಸಾಲು ಉಂಟಾ, CGST ಮತ್ತು SGST ಅಂತ ಎರಡು ಸಾಲು ಉಂಟಾ ಗೊತ್ತಾಗಲಿಲ್ಲ. ಅದೇ ಬಿಲ್ಲಿನ ಮೇಲ್ಗಡೆ ಅವರ ಜಿಎಸ್‌ಟಿ ನಂಬರ್ ನನಗೆ ಕಂಡದ್ದು `29A?CPK41?2L1Z5`. ಪ್ರಶ್ನೆ ಚಿಹ್ನೆ ಇರುವ ಎರಡು ಜಾಗ ಬೇಕು.
>
> ಕಾಸರಗೋಡಿನ ಪೈಂಟ್ ಬಿಲ್, ಒಟ್ಟು 8,260. ಬಿಲ್ ನಂಬರಿನ ಮೇಲೆ ಮಡಿಕೆ ಬಂದಿದೆ. ಕಂಡದ್ದು `KSD/25-26/1?4`. ಮಡಿಕೆ ಬಿಡಿಸಿ ಆ ಜಾಗದ ಫೋಟೋ ಸಾಕು.
>
> ಕಾಞಂಗಾಡಿನ ಎಲೆಕ್ಟ್ರಿಕಲ್ ಬಿಲ್, ಒಟ್ಟು 3,540. ಕಾಗದವೇ ಮಾಸಿದೆ, ತಾರೀಕು ಕಾಣುವುದಿಲ್ಲ. ಇದರ ಫೋಟೋ ಬೇಡ. ಅಂಗಡಿಯವರಿಗೆ ಫೋನ್ ಮಾಡಿ ಇನ್ನೊಂದು ಪ್ರಿಂಟ್ ಕೇಳಿ.
>
> ಬಿಲ್ಲನ್ನು ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ ನೆಲದ ಮೇಲೆ ಚಪ್ಪಟೆ ಇಡಿ, ಫ್ಲ್ಯಾಷ್ ಬೇಡ. ಪೂರ್ತಿ ಬಿಲ್ಲಿನದ್ದು ಒಂದು, ಬೇಕಾದ ಜಾಗದ್ದು ಹತ್ತಿರದಿಂದ ಒಂದು. ಫೋನನ್ನು ಒಂದು ಗೇಣು ದೂರ ಹಿಡಿದು, ಸ್ಕ್ರೀನಿನಲ್ಲಿ ಆ ನಂಬರಿನ ಮೇಲೆ ಬೆರಳಿಟ್ಟು ಆಮೇಲೆ ಒತ್ತಿ.

"ಉಳಿದದ್ದೆಲ್ಲ ಸರಿ ಇದೆ" ಅನ್ನುವ ಮೊದಲ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ಕೆಲವರು ಇಡೀ ಕಟ್ಟನ್ನೇ ಮತ್ತೆ ತೆಗೆದು ಹಾಕುತ್ತಾರೆ. ಆಗ ಒಂದೇ ಬಿಲ್ ಎರಡು ಸಲ ಎಂಟ್ರಿ ಆಗುವ ಭಯ ನಿಮಗೆ. ಪೂರ್ತಿ ಬಿಲ್ಲಿನ ಫೋಟೋ ಜೊತೆಗೆ ಕೇಳುವುದಕ್ಕೂ ಕಾರಣ ಇದೆ. ಹತ್ತಿರದಿಂದ ತೆಗೆದ ತುಂಡು ಚಿತ್ರ ಮಾತ್ರ ಇದ್ದರೆ ಅದು ಯಾವ ಬಿಲ್ಲಿನದ್ದು ಅಂತ ಆರು ತಿಂಗಳ ಮೇಲೆ ಯಾರಿಗೂ ಹೇಳಲಾಗುವುದಿಲ್ಲ.

ಪ್ರಶ್ನೆ ಚಿಹ್ನೆ ಹಾಕಿ ನಂಬರ್ ಬರೆದರೆ ಇನ್ನೊಂದು ಲಾಭ ಇದೆ. ಹಲವರು ಫೋಟೋ ತೆಗೆಯುವುದಿಲ್ಲ, ಬಿಲ್ ನೋಡಿ "ಅದು 7" ಅಂತ ಉತ್ತರ ಬರೆಯುತ್ತಾರೆ. ಬಿಲ್ ನಂಬರಿಗೆ ಹಾಗೆ ಬಂದರೆ 2ಬಿ ಯೊಡನೆ ತಾಳೆ ನೋಡಿ ಎಂಟ್ರಿ ಮಾಡಿಕೊಳ್ಳಿ. ಎರಡು ಒಂದೇ ಇದ್ದರೆ ನಂಬಬಹುದು. ತೆರಿಗೆ ಸಾಲಿಗೆ ಮಾತ್ರ ಮಾತಿನ ಉತ್ತರ ಸಾಲದು, ಫೋಟೋ ಬರಲೇಬೇಕು. ಕ್ರೆಡಿಟ್ ತೆಗೆದುಕೊಳ್ಳಲು ಬಿಲ್ಲಿನಲ್ಲಿ ಇರಲೇಬೇಕಾದವು ಅಂತ ಜಿಎಸ್‌ಟಿ ನಿಯಮ 36 ಹೇಳುವುದು ತೆರಿಗೆ ಮೊತ್ತ, ಮಾಲಿನ ವಿವರ, ಒಟ್ಟು ಬೆಲೆ, ಮಾರಿದವರ ಮತ್ತು ಕೊಂಡವರ ಜಿಎಸ್‌ಟಿ ನಂಬರ್. ಬೇರೆ ರಾಜ್ಯದಿಂದ ಬಂದ ಮಾಲಾದರೆ ಪ್ಲೇಸ್ ಆಫ್ ಸಪ್ಲೈ ಕೂಡ. ಈ ಜಾಗಗಳಲ್ಲಿ ಮಸುಕಿದ್ದರೆ ಬಿಡಬೇಡಿ. ಲಾರಿ ನಂಬರೋ ಮಾರಿದವರ ಫೋನ್ ನಂಬರೋ ಕಾಣದಿದ್ದರೆ ಅದಕ್ಕಾಗಿ ಮೇಲ್ ಹಾಕಬೇಡಿ.

ಕೊಂಡವರ ಜಿಎಸ್‌ಟಿ ನಂಬರಿನ ಜಾಗ ಖಾಲಿ ಕಂಡರೆ ಎರಡು ಸಲ ನೋಡಿ. ಮಸುಕಾಗಿದೆಯಾ, ಬರೆದೇ ಇಲ್ಲವಾ? ಬರೆದೇ ಇಲ್ಲದಿದ್ದರೆ ಫೋಟೋ ಕೇಳಿ ಪ್ರಯೋಜನ ಇಲ್ಲ. ಮಾರಿದವರು ಬಿಲ್ಲನ್ನೇ ಸರಿ ಮಾಡಿಕೊಡಬೇಕು.

ತಿಂಗಳಿಗೊಮ್ಮೆ ಫೈಲ್ ಮಾಡುವವರಿಗೆ, ತೆರಿಗೆ ಕಟ್ಟಿ ಕ್ರೆಡಿಟ್ ತೆಗೆದುಕೊಳ್ಳುವ 3ಬಿ ರಿಟರ್ನಿಗೆ ಕೊನೆಯ ದಿನ 20. ಅದಕ್ಕೇ ನಾನು ಮೇಲ್‌ನಲ್ಲಿ 17 ಅಂತ ಹಾಕುವುದು. ಆ ಹೊತ್ತಿಗೂ ಫೋಟೋ ಬರದಿದ್ದರೆ ಆ ಬಿಲ್ಲಿನ ಕ್ರೆಡಿಟ್ ಈ ತಿಂಗಳು ತೆಗೆದುಕೊಳ್ಳಬೇಡಿ, ಬದಿಗಿಟ್ಟು ಪಾರ್ಟಿಯವರಿಗೆ ತಿಳಿಸಿ. ಅದು ಅಲ್ಲಿಗೆ ಕಳೆದುಹೋಗುವುದಿಲ್ಲ. ಆ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30ರ ತನಕ ತೆಗೆದುಕೊಳ್ಳಬಹುದು, ಅದಕ್ಕೂ ಮೊದಲು ವಾರ್ಷಿಕ ರಿಟರ್ನ್ ಹಾಕಿದರೆ ಅಲ್ಲಿಯವರೆಗೆ ಮಾತ್ರ.