ಪ್ರದರ್ಶನದ ಮಾದರಿ: ಲೆಕ್ಕಕ್ಕೂ ಖರ್ಚಿಗೂ 310ರ ವ್ಯತ್ಯಾಸ

“ನಾಲ್ವರು ಸೇರಿ ನೀರು ಸೋಸುವ ಮಾದರಿ ಮಾಡಿದೆವು. ಸಾಮಗ್ರಿ 640, ಸಾಗಣೆ 150, ಮುದ್ರಣ 210, ಒಟ್ಟು 1000 ಎಂದು ಬರೆದಿದ್ದೇವೆ. ಕೈಯಿಂದ ಹೋದದ್ದು ಮಾತ್ರ 1310. ಮೀಟರಿಗೆ 20ರಂತೆ 5 ಮೀಟರ್ ಕೊಳವೆ ತಂದು 2 ಮೀಟರ್ ಬಳಸಿದೆವು. ಎಲ್ಲಿ ತಪ್ಪಿದೆ?”

ಬಳಸಿದ್ದಕ್ಕೆ ಬೆಲೆ ಕಟ್ಟಿ, ಕೊಂಡದ್ದಕ್ಕೆ ಹಣ ಕೊಟ್ಟಿರುವುದೇ ವ್ಯತ್ಯಾಸಕ್ಕೆ ಒಂದು ಕಾರಣವಾಗಿರಬೇಕು. ಸಾಗಣೆಯಲ್ಲಿ ಹೋಗುವ ದಾರಿಯನ್ನಷ್ಟೇ ಬರೆದಿರುವುದು ಇನ್ನೊಂದು.

ಮೊದಲು ಸಾಗಣೆಯನ್ನು ನೋಡಿ. ಮಾದರಿಯನ್ನು ಅದೇ ವಾಹನದಲ್ಲಿ ಅದೇ ಬಾಡಿಗೆಗೆ ಹಿಂದಕ್ಕೆ ತಂದಿದ್ದರೆ ಇನ್ನೊಂದು 150 ಸೇರಿ, ಉಳಿಯುವ ವ್ಯತ್ಯಾಸ 160 ಆಗುತ್ತದೆ. ಬಳಿಕ ಕೊಳವೆ: 5 ಮೀಟರಿಗೆ 100 ಕೊಟ್ಟು, ಪಟ್ಟಿಯಲ್ಲಿ 2 ಮೀಟರಿನ 40 ಮಾತ್ರ ಬರೆದಿದ್ದರೆ ಅಲ್ಲಿ 60 ಸಿಗುತ್ತದೆ. ಮಿಕ್ಕ 100 ಎಲ್ಲಿ ಹೋಯಿತೆಂದು ನಿಮ್ಮ ವಿವರದಿಂದ ಖಚಿತವಾಗಿ ಹೇಳಲಾಗದು. ನನ್ನ ಅನುಮಾನ ಮುದ್ರಣದ ಮೇಲೆ, ಏಕೆಂದರೆ ಅಕ್ಷರ ತಪ್ಪಿ ಮರುಮುದ್ರಿಸಿದ ಹಾಳೆಯೂ ಲ್ಯಾಮಿನೇಷನ್ನೂ ಸಾಮಾನ್ಯವಾಗಿ ಪುಟದ ದರದೊಳಗೆ ಬರುವುದಿಲ್ಲ. ಮುದ್ರಣದ ರಸೀದಿಯನ್ನು ಸಾಲು ಸಾಲಾಗಿ ಓದಿ. ಅಲ್ಲಿಯೂ ಸಿಗದಿದ್ದರೆ, ರಸೀದಿಯಿಲ್ಲದೆ ಕೊಂಡ ಅಂಟು, ಟೇಪಿನಂಥ ಸಣ್ಣ ವಸ್ತುಗಳನ್ನು ನಾಲ್ವರೂ ನೆನಪಿಸಿಕೊಳ್ಳಬೇಕಾಗುತ್ತದೆ.

ಇದಾದ ಮೇಲೆ ಎರಡು ಮೊತ್ತಗಳನ್ನು ಬೇರೆಬೇರೆಯಾಗಿ ಬರೆಯಿರಿ. ನಾಲ್ವರಲ್ಲಿ ಹಂಚಬೇಕಾದದ್ದು ಕೈಯಿಂದ ಹೋದ 1310, ಅಂದರೆ ತಲಾ 327.50. ವರದಿಯಲ್ಲಿ ಯೋಜನೆಯ ವೆಚ್ಚವೆಂದು ತೋರಿಸುವಾಗ, ಮತ್ತೆ ಬಳಸಬಹುದಾದ 3 ಮೀಟರ್ ಕೊಳವೆಯ 60ನ್ನು ಕಳೆದು 1250 ಎಂದು ನಮೂದಿಸಿ, ಕಳೆದ ಕಾರಣವನ್ನು ಪಕ್ಕದಲ್ಲೇ ಬರೆಯಿರಿ. ಕೊಳವೆಯ ತುಂಡು ಮತ್ತೆ ಉಪಯೋಗಕ್ಕೆ ಬಾರದಂತಿದ್ದರೆ ಕಳೆಯಬೇಡಿ.